ಇಡ್ಲಿ ತಿಂದ ಹುಡುಗ ‘ಖಾಯೀ’ ಅನ್ನಬೇಕು

ವಿಷಯ ಪರಿವೀಕ್ಷಕರು ಬರುವ ದಿನ ಅಂತ ಸುಲಭದ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೆ. ಎಂಟನೇ ಕ್ಲಾಸು. ಬೆಳಿಗ್ಗೆ ಏನು ತಿಂದಿರಿ, ಹಿಂದಿಯಲ್ಲಿ ಹೇಳಿ. ಮುಂದಿನ ಬೆಂಚಿನ ಹುಡುಗ ಎದ್ದು “ಮೈಂನೇ ಇಡ್ಲೀ ಖಾಯಾ” ಅಂದ. “ಖಾಯೀ” ಅಂತ ತಿದ್ದಿದೆ. ಅವನು ಬಾಯೇ ಬಿಡಲಿಲ್ಲ. ಇನ್ನೊಮ್ಮೆ ಹೇಳಿದೆ.

“ಮಿಸ್, ನಾನು ಹುಡುಗ ಅಲ್ವಾ?”

ಕ್ಲಾಸು ಗೊಳ್ಳೆಂದಿತು. ಪರಿವೀಕ್ಷಕರು ಏನೋ ಬರೆದುಕೊಂಡರು. ಮಾನ ಉಳಿಸಲಿ ಅಂತ ಚುರುಕಾದ ಹುಡುಗಿಯೊಬ್ಬಳನ್ನು ಎಬ್ಬಿಸಿದರೆ ಅವಳು “ಮೈಂನೇ ಡೋಸಾ ಖಾಯೀ” ಅನ್ನಬೇಕೇ!

ಮಕ್ಕಳದೇನೂ ತಪ್ಪಿಲ್ಲ. ಆರನೇ ಕ್ಲಾಸಿನಲ್ಲಿ ‘ಜಾತಾ ಹೂಂ’ ಹುಡುಗರಿಗೆ, ‘ಜಾತೀ ಹೂಂ’ ಹುಡುಗಿಯರಿಗೆ ಅಂತ ಬಾಯಿಪಾಠ ಮಾಡಿಸುವವರು ನಾವೇ. ಕನ್ನಡದಲ್ಲೂ ಅಷ್ಟೇ ತಾನೇ, ಅವನು ಏನೇ ತಿನ್ನಲಿ ‘ತಿಂದನು’, ಅವಳು ಏನೇ ತಿನ್ನಲಿ ‘ತಿಂದಳು’. ಹಿಂದಿಯಲ್ಲಿ ಭೂತಕಾಲದಲ್ಲಿ ಕರ್ತೃವಿಗೆ ‘ನೇ’ ಹತ್ತಿತೋ, ಕ್ರಿಯಾಪದ ಅವನನ್ನು ಬಿಟ್ಟು ಕರ್ಮದ ಕಡೆ ತಿರುಗುತ್ತದೆ. ಇಡ್ಲೀ ಸ್ತ್ರೀಲಿಂಗ, ಆದ್ದರಿಂದ ಯಾರು ತಿಂದರೂ ಖಾಯೀ. ಡೋಸಾ ಪುಲ್ಲಿಂಗ, ಯಾರು ತಿಂದರೂ ಖಾಯಾ. ಎರಡು ದೋಸೆ ತಿಂದರೆ ‘ದೋ ಡೋಸೇ ಖಾಯೇ’.

ಅವತ್ತೇ ಬೋರ್ಡ್ ಮೇಲೆ ‘ಲಡ್ಕೇ ನೇ ಇಡ್ಲೀ ___’ ಅಂತ ಬರೆದು, ‘ಲಡ್ಕೇ ನೇ’ ಮೇಲೆ ಡಸ್ಟರ್ ಹಿಡಿದೆ. ಉಳಿದದ್ದನ್ನು ಮಾತ್ರ ನೋಡಿ ಬಿಟ್ಟ ಸ್ಥಳ ತುಂಬಿ ಅಂದೆ. ಬಹಳಷ್ಟು ಮಂದಿ ಸರಿಯಾಗಿ ತುಂಬಿದರು. ತಪ್ಪಿದವರಿಗೆ ‘ನೇ’ ಗೊತ್ತಿರಲಿಲ್ಲ ಅಂತಲ್ಲ, ಇಡ್ಲಿಯ ಲಿಂಗ ಗೊತ್ತಿರಲಿಲ್ಲ. ಕನ್ನಡದಲ್ಲಿ ಇಡ್ಲಿ, ದೋಸೆ, ಕುರ್ಚಿ ಎಲ್ಲ ‘ಅದು’. ನಾವೋ ಅಂಕಕ್ಕಾಗಿ ‘ಘೋಡಾ–ಘೋಡೀ’ ಲಿಂಗ ಬದಲಿಸಿ ಅಂತ ಬರೆಸುತ್ತಾ ಕೂತಿರುತ್ತೇವೆ. ಅದರಿಂದ ಕಿತಾಬ್ ಸ್ತ್ರೀಲಿಂಗ ಅಂತ ತಿಳಿಯುವುದು ಹೇಗೆ? ‘ಈ’ ಕೊನೆಗಿದ್ದರೆ ಸ್ತ್ರೀಲಿಂಗ ಅನ್ನೋಣ ಅಂದರೆ ಪಾನೀ, ದಹೀ, ಘೀ ಮೂರೂ ಪುಲ್ಲಿಂಗ. ಈಗ ಶಬ್ದಾರ್ಥ ಬರೆಸುವಾಗಲೇ ‘ಅಚ್ಛೀ ಕಿತಾಬ್’, ‘ಠಂಡಾ ಪಾನೀ’ ಅಂತ ಜೋಡಿಯಾಗಿ ಬರೆಸುತ್ತೇನೆ. ಪೋರ್ಷನ್ ಹಿಂದೆ ಬೀಳುತ್ತದೆ ಅಂತ ಹೆಡ್‌ಮಾಸ್ಟರ್ ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ತೊಡಕು ‘ಕೋ’. ‘ಅನ್ನು’ ಅಂದರೆ ‘ಕೋ’ ಅಂತ ಕಲಿತವರು ‘ಇಡ್ಲೀ ಕೋ ಖಾಯೀ’ ಅಂತ ಬರೆಯುತ್ತಾರೆ. ಕರ್ಮಕ್ಕೆ ‘ಕೋ’ ಬಂದರೆ ಕ್ರಿಯಾಪದ ಅದನ್ನೂ ಕೇಳುವುದಿಲ್ಲ, ಸುಮ್ನೆ ಪುಲ್ಲಿಂಗ ಏಕವಚನದಲ್ಲಿ ನಿಂತುಬಿಡುತ್ತದೆ: ‘ಸೀತಾ ನೇ ಲಡ್ಕೀ ಕೋ ಬುಲಾಯಾ’. ಇಡ್ಲಿಗಂತೂ ಅಲ್ಲಿ ‘ಕೋ’ ಬೇಕಾಗಿಯೇ ಇಲ್ಲ.

ಇಷ್ಟೆಲ್ಲ ಆದಮೇಲೆ ಅದೇ ಹುಡುಗ “ಮೈಂನೇ ಟಿಫಿನ್ ಲಾಯಾ” ಅಂದ. ಲಾನಾ, ಭೂಲನಾ ಸಕರ್ಮಕವಾದರೂ ‘ನೇ’ ಹಚ್ಚಿಸಿಕೊಳ್ಳುವುದಿಲ್ಲ, ‘ಮೈಂ ಟಿಫಿನ್ ಲಾಯಾ’ ಅನ್ನಬೇಕು ಅಂದೆ.

“ಹಾಗಾದರೆ ಇಲ್ಲಿ ನಾನು ಹುಡುಗನೇ ಅಲ್ವಾ ಮಿಸ್?”

ಹೌದಪ್ಪಾ, ಇಲ್ಲಿ ಹುಡುಗನೇ.