ಮೆಸೇಜ್ ಚಿಕ್ಕದಾಯ್ತು, ಗಾಡಿ ಗೇಟ್ ಹೊರಗೇ ನಿಂತಿತ್ತು

ಪೀಣ್ಯದ ಒಂದು ಕಂಪನಿಯ ಡಿಸ್ಪ್ಯಾಚ್‌ನಲ್ಲಿದ್ದೀನಿ, ಡ್ರೈವರ್ ಹೇಳಿದ್ದನ್ನ ಕಸ್ಟಮರ್‌ಗೆ ವಾಟ್ಸಾಪ್ ಮಾಡೋದು ನನ್ನ ಕೆಲ್ಸ. ಮೊದ್ಲೆಲ್ಲ ಪುರಾಣ ಬರೀತಿದ್ದೆ, ಮ್ಯಾನೇಜರ್ "ಸ್ವಲ್ಪ ಚಿಕ್ಕದಾಗಿ ಬರೀರಿ ಮಾರಾಯ್ರೆ" ಅಂದ್ಮೇಲೆ ಕತ್ತರಿಸೋಕೆ ಶುರು ಮಾಡ್ದೆ, ಕತ್ತರಿಸಬಾರದ್ದನ್ನೂ ಸೇರಿಸಿ.

ಹುಬ್ಬಳ್ಳಿ ಲೋಡ್ ಅದು. ನಾನು ಮೊದ್ಲು ಟೈಪ್ ಮಾಡಿದ್ದು ಹಿಂಗಿತ್ತು:

"ಸರ್ ಈ ಹೊತ್ತಲ್ಲಿ ಡಿಸ್ಟರ್ಬ್ ಮಾಡ್ತಿರೋದಕ್ಕೆ ಸಾರಿ, ಗಾಡಿ ಸಂಜೆನೇ ಹೊರಟಿತ್ತು ಆದ್ರೆ ಶಿರಾ ಹತ್ರ ಕ್ಲಚ್ ಪ್ಲೇಟ್ ಹೋಯ್ತಂತೆ, ಮೆಕ್ಯಾನಿಕ್ ಇವತ್ತಾಗಲ್ಲ ಅಂದ, ಬೇರೆ ಗಾಡಿ ಕರೆಸಿ ಮಾಲು ಶಿಫ್ಟ್ ಮಾಡಿಸಿದೀವಿ, ಕೊನೆ ನಂಬರ್ 4471, 62 ಬಾಕ್ಸಲ್ಲಿ 2 ಮಳೆಗೆ ನೆಂದಿವೆ, ನಾಳೆ 11ಕ್ಕೆ ಬರಬಹುದು ಅಂತಿದ್ದಾನೆ ಡ್ರೈವರ್..."

ಇದನ್ನ ಅಳಿಸಿ ಕಳ್ಸಿದ್ದು: "ಗಾಡಿ ಬ್ರೇಕ್‌ಡೌನ್. ನಾಳೆ 11ಕ್ಕೆ ಡೆಲಿವರಿ."

ಆಗ್ಲೇ ರಾತ್ರಿ 12 ದಾಟಿತ್ತು. ಬೆಳಿಗ್ಗೆ ಓದಿದವ್ರು "ನಾಳೆ ಅಂದ್ರೆ ಯಾವತ್ರೀ?" ಅಂತ ಫೋನ್ ಮಾಡಿದ್ರು, ಇವತ್ತೇ ಅಂದೆ, 11ಕ್ಕೆ ಹಮಾಲರನ್ನ ಕರೆಸಿ ಕೂರಿಸಿದ್ರು. ಗಾಡಿ ಹೋಗಿದ್ದು 2ಕ್ಕೆ. ಅದನ್ನೂ ಸೆಕ್ಯೂರಿಟಿ ಒಳಗೆ ಬಿಡ್ಲಿಲ್ಲ, ಅವನ ಹತ್ರ ಇದ್ದಿದ್ದು ಹಳೇ ಗಾಡಿ ನಂಬರ್. ಇ-ವೇ ಬಿಲ್ ಪಾರ್ಟ್-ಬಿಯಲ್ಲಿ ಹೊಸ ನಂಬರ್ ಹಾಕಿಸಿದ್ದೆ, ಗೇಟಿಗೆ ಹೇಳೋದು ಬಿಟ್ಟಿದ್ದೆ. ಒಳಗೆ ಹೋದ್ಮೇಲೆ ನೆಂದ ಬಾಕ್ಸ್ ಜಗಳ ಬೇರೆ, ಮುಚ್ಚಿಟ್ರಾ ಅಂತ.

ಎಲ್ಲಕ್ಕಿಂತ ಹೆಚ್ಚು ಬೈಸಿದ್ದು "ಬರಬಹುದು" ಅನ್ನೋ ಪದ. ಅದು ಅಂದಾಜು, ಅದೂ ಡ್ರೈವರ್‌ದು, ನಾನು ಕತ್ತರಿಸಿದ್ಮೇಲೆ ಕಂಪನಿ ಕೊಟ್ಟ ಮಾತಾಗೋಯ್ತು.

ಈಗ ಒಂದೇ ಒಂದು ಪದ ಅಳಿಸೋ ಮುಂಚೆ, ಇದನ್ನ ಓದಿ ಆ ಕಡೆಯವ್ರು ಏನು ಮಾಡ್ಬೇಕು ಅಂತ ನೋಡ್ತೀನಿ. ಗೇಟಿಗೆ ನಂಬರ್ ಕೊಡ್ಬೇಕು, ಹಮಾಲರನ್ನ ಕರೆಸ್ಬೇಕು, ಬಾಕ್ಸ್ ಬಿಚ್ಚಿ ನೋಡ್ಬೇಕು. ಇಷ್ಟಕ್ಕೆ ಬೇಕಾಗಿದ್ದು ಉಳೀಬೇಕು, ಸಾರಿ, ಮೆಕ್ಯಾನಿಕ್, ಯಾರು ಯಾರಿಗೆ ಫೋನ್ ಮಾಡಿದ್ರು ಅನ್ನೋ ಕಥೆ ಹೋಗ್ಬೋದು. ಅವತ್ತಿನದು ಹಿಂಗಿರ್ಬೇಕಿತ್ತು:

"ಹುಬ್ಬಳ್ಳಿ ಲೋಡ್, 62 ಬಾಕ್ಸ್: ಬ್ರೇಕ್‌ಡೌನ್ ಆಗಿ ಗಾಡಿ ಬದಲಾಗಿದೆ, ಹೊಸ ಗಾಡಿ ಕೊನೆ ನಂಬರ್ 4471, ಗೇಟಿಗೆ ತಿಳಿಸಿ. 14, ಗುರುವಾರ ಬೆಳಿಗ್ಗೆ 11ರ ಅಂದಾಜು, ದಾವಣಗೆರೆ ದಾಟಿದ್ಮೇಲೆ ಖಚಿತ ಟೈಮ್ ಹೇಳ್ತೀನಿ. 2 ಬಾಕ್ಸ್ ನೆಂದಿವೆ, ಫೋಟೋ ಕೆಳಗಿದೆ."

ಕಳ್ಸೋ ಮುಂಚೆ ಉದ್ದದ್ದನ್ನೂ ಗಿಡ್ಡದ್ದನ್ನೂ ಪಕ್ಕಪಕ್ಕ ಇಟ್ಟು ಅಂಕಿ ತಾಳೆ ನೋಡ್ತೀನಿ, 4471, 62, 2, 11, ಯಾವ್ದಾದ್ರೂ ಕಾಣೆಯಾಗಿದ್ರೆ ಬೇಕಂತಲೇ ಬಿಟ್ಟಿದ್ದಾ ಇಲ್ಲಾ ಕೈತಪ್ಪಿದ್ದಾ ಅಂತ ಗೊತ್ತಾಗುತ್ತೆ. ಮಾಲು ಹಾಳಾಗಿದ್ರೆ ಮೆಸೇಜ್ ಜೊತೆ ಒಂದು ಫೋನೂ ಮಾಡ್ತೀನಿ, ಬರೀ ಬರಹದಲ್ಲಿ ಅದು ಒರಟಾಗಿ ಕೇಳ್ಸುತ್ತೆ.

ಅಂದಂಗೆ ಅದೇ ರಾತ್ರಿ ಗಾಡಿ ಮಾಲೀಕರಿಗೆ ಕಳ್ಸಿದ ಮೆಸೇಜಲ್ಲಿ ಕ್ಲಚ್ ಪ್ಲೇಟ್, ಶಿರಾ ಎರಡೂ ಇತ್ತು, ಬಾಕ್ಸ್ ಲೆಕ್ಕ ಇರ್ಲಿಲ್ಲ. ಅದು ಮಾತ್ರ ಸರಿಯಾಗಿತ್ತು.