ಕೈ ಕೊಟ್ಟವನು ಕೈಯನ್ನು ಕೊಟ್ಟಿರುವುದಿಲ್ಲ

“ಒಂದೊಂದು ಪದದ ಅರ್ಥವೂ ಗೊತ್ತಿರುತ್ತೆ, ಆದರೂ ನುಡಿಗಟ್ಟು, ಗಾದೆ ಬಂದ ಕೂಡಲೇ ಎಡವುತ್ತೀನಿ. ಯಾಕೆ ಹೀಗೆ? ಇವನ್ನು ಕಲಿಯೋದಾದರೂ ಹೇಗೆ?”

ಕನ್ನಡ ಕಲಿಯುತ್ತಿರುವ ಒಬ್ಬರು ಬೀಳ್ಕೊಡುಗೆಯ ದಿನ ಎದ್ದು ನಿಂತು, “ಕಷ್ಟದ ಹೊತ್ತಿನಲ್ಲಿ ನೀವೆಲ್ಲ ನನಗೆ ಕೈ ಕೊಟ್ಟಿರಿ, ಎಂದೂ ಮರೆಯಲಾರೆ” ಎಂದರು ಅಂತಿಟ್ಟುಕೊಳ್ಳಿ. ವ್ಯಾಕರಣದಲ್ಲಿ ತಪ್ಪಿಲ್ಲ, ಉಚ್ಚಾರಣೆಯಲ್ಲೂ ತಪ್ಪಿಲ್ಲ. ಆದರೆ ಧನ್ಯವಾದ ಹೇಳಲು ಹೋದವರು ಎಲ್ಲರೆದುರು ದೂರು ಹೇಳಿದಂತಾಯಿತು. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಕನ್ನಡದಲ್ಲಿ ಕೈ ಕೊಡುವುದೆಂದರೆ ನಂಬಿಸಿ ನಡುನೀರಿನಲ್ಲಿ ಬಿಡುವುದು. ಅವರಿಗೆ ಬೇಕಿದ್ದದ್ದು “ಕೈ ಹಿಡಿದಿರಿ” ಅಥವಾ “ನನ್ನೊಂದಿಗೆ ಕೈ ಜೋಡಿಸಿದಿರಿ”. ಇದೊಂದೇ ನುಡಿಗಟ್ಟನ್ನು ಬಿಡಿಸಿ ನೋಡಿದರೆ ಉಳಿದವನ್ನು ಹೇಗೆ ಓದಬೇಕು ಅನ್ನುವುದು ಬಹುಮಟ್ಟಿಗೆ ತಿಳಿಯುತ್ತದೆ.

‘ಕೈ’ ಗೊತ್ತು, ‘ಕೊಡು’ ಗೊತ್ತು. ಎರಡನ್ನೂ ಕೂಡಿಸಿದರೆ ‘ಮೋಸ’ ಎಲ್ಲಿಂದ ಬಂತು? ಎರಡರಲ್ಲಿ ಯಾವುದರೊಳಗೂ ಅದಿಲ್ಲ. ಅದು ಇರುವುದು ಇಡೀ ಚೌಕಟ್ಟಿನಲ್ಲಿ: ‘ಕೈ’ಗೆ ಯಾವ ವಿಭಕ್ತಿಯೂ ಅಂಟಿರಬಾರದು, ಕ್ರಿಯಾಪದ ‘ಕೊಡು’ ಆಗಿರಬೇಕು, ಮೋಸಹೋದವರನ್ನು ಹೆಸರಿಸುವುದಾದರೆ ಅವರಿಗೆ ‘-ಗೆ’ ಅಥವಾ ‘-ಇಗೆ’ ಬರಬೇಕು. ಇದರಲ್ಲಿ ಒಂದನ್ನು ಅಲುಗಾಡಿಸಿದರೂ ಅರ್ಥ ಬಿದ್ದುಹೋಗುತ್ತದೆ. ‘ನನಗೆ ಕೈ ಕೊಟ್ಟ’ ಅಂದರೆ ಮೋಸ. ‘ನನ್ನ ಕೈಗೆ ಕೊಟ್ಟ’ ಅಂದರೆ ಯಾವುದೋ ವಸ್ತುವನ್ನು ತಂದು ಕೊಟ್ಟ, ಅಷ್ಟೆ. ‘ಕೈಯನ್ನು ಕೊಟ್ಟ’ ಅಂದರೆ ನಿಜವಾಗಿಯೂ ಕೈ ಚಾಚಿದ. ‘ಬಲಗೈ ಕೊಟ್ಟ’, ‘ಎರಡೂ ಕೈ ಕೊಟ್ಟ’ ಅಂದರೂ ಅಷ್ಟೇ. ಇನ್ನೂ ಸೋಜಿಗವೆಂದರೆ ‘ಕೊಡು’ ಮತ್ತು ‘ನೀಡು’ ಹೆಚ್ಚುಕಡಿಮೆ ಒಂದೇ ಅರ್ಥದ ಪದಗಳು. ಆದರೆ ‘ಕೈ ನೀಡಿದ’ ಅನ್ನುವವನು ನೆರವಿಗೆ ಬಂದವನು. ಸಮಾನಾರ್ಥಕ ಪದ ಹಾಕಿದ್ದಕ್ಕೆ ಮೋಸಗಾರ ಉಪಕಾರಿಯಾಗಿಬಿಟ್ಟ.

ಶಾಲೆಯ ವ್ಯಾಕರಣ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಕೈಹಿಡಿ’, ‘ಕೈಮುಗಿ’ ಇಂಥವನ್ನು ಕ್ರಿಯಾಸಮಾಸ ಎಂದು ಕರೆದು ‘ಕೈಯನ್ನು + ಹಿಡಿ’ ಎಂದು ಬಿಡಿಸುವುದನ್ನು ನಾವೆಲ್ಲ ಕಲಿತಿದ್ದೇವೆ. ಸಮಾಸ ಹೇಗೆ ಆಯಿತು ಅನ್ನುವುದಕ್ಕೆ ಅದು ಸರಿ. ಅರ್ಥಕ್ಕೆ ಮಾತ್ರ ಸರಿಯಲ್ಲ, ಏಕೆಂದರೆ ‘ಅನ್ನು’ ಸೇರಿಸಿದ ಕ್ಷಣವೇ ನುಡಿಗಟ್ಟು ಹಾರಿಹೋಗಿ ಬರಿಯ ಕೈ ಉಳಿಯುತ್ತದೆ. ಹಾಗೆಂದು ‘ಅನ್ನು’ ಇಲ್ಲದ್ದೆಲ್ಲ ನುಡಿಗಟ್ಟಾಗುವುದೂ ಇಲ್ಲ. ‘ಪುಸ್ತಕ ಕೊಟ್ಟ’ ಅನ್ನುವಲ್ಲೂ ಅದಿಲ್ಲ. ಆದ್ದರಿಂದ ಬರಹದ ರೂಪ ನೋಡಿದರೆ ಗುರುತು ಸಿಗದು. ಏನನ್ನಾದರೂ ಸೇರಿಸಿ, ಬದಲಿಸಿ ನೋಡಿದಾಗಲೇ ಸಿಗುವುದು.

ಕ್ರಿಯಾಪದದ ರೂಪವೂ ಆಟ ಆಡುತ್ತದೆ. “ಕೈ ಕೊಡು, ಹತ್ತಿಸಿಕೊಳ್ಳುತ್ತೀನಿ” ಎಂದು ಮೇಲಿಂದ ಯಾರಾದರೂ ಅಂದರೆ ಅಲ್ಲಿ ಇರುವುದು ನಿಜವಾದ ಕೈ. ನನಗೆ ಮೋಸ ಮಾಡು ಎಂದು ಯಾರೂ ಆಜ್ಞೆ ಮಾಡುವುದಿಲ್ಲವಲ್ಲ! ಅದೇ “ಕೈ ಕೊಡಬೇಡ ಮತ್ತೆ” ಅಂದರೆ ನೇರವಾಗಿ ನುಡಿಗಟ್ಟು. “ಕೊನೇ ಗಳಿಗೆಯಲ್ಲಿ ಕೈ ಕೊಟ್ಟುಬಿಟ್ಟ” ಅನ್ನುವುದಂತೂ ಅದು ಅತಿ ಹೆಚ್ಚು ಸಿಗುವ ರೂಪ; ‘ಬಿಡು’ ಸೇರಿತೆಂದರೆ ಅನುಮಾನವೇ ಬೇಡ. ಕೈ ಕೊಡುವವರು ಮನುಷ್ಯರೇ ಆಗಬೇಕೆಂದೂ ಇಲ್ಲ. ಬ್ಯಾಟರಿ ಕೈ ಕೊಡುತ್ತದೆ, ಮಳೆ ಕೈ ಕೊಡುತ್ತದೆ, ನೆನಪು ಕೈ ಕೊಡುತ್ತದೆ. ನೆಚ್ಚಿಕೊಂಡದ್ದು ಬೇಕಾದ ಹೊತ್ತಿಗೆ ಒದಗಲಿಲ್ಲ ಅನ್ನುವುದು ಇದರ ತಿರುಳು. ಮೋಸ ಅನ್ನುವುದು ಆ ತಿರುಳು ಮನುಷ್ಯರಿಗೆ ಅಂಟಿದಾಗ ಕಾಣುವ ಮುಖ. ‘ಹುಡುಗಿ ಕೈ ಕೊಟ್ಟಳು’ ಅಂದಾಗ ಕೇಳುವವರ ತಲೆಗೆ ಮೊದಲು ಬರುವುದು ಪ್ರೀತಿಯ ವಿಷಯ ಅನ್ನುವುದನ್ನೂ ಕಲಿಯುವವರು ತಿಳಿದಿರಬೇಕು, ಇಲ್ಲದಿದ್ದರೆ ಕಚೇರಿಗೆ ಬಾರದ ಸಹೋದ್ಯೋಗಿಯ ಬಗ್ಗೆ ಏನೋ ಹೇಳಲು ಹೋಗಿ ಏನೋ ಆಗುತ್ತದೆ.

ಪಕ್ಕದಲ್ಲೇ ಇರುವ ‘ಕೈ ಬಿಡು’ ನೋಡಿ. ‘ಅವನ ಕೈ ಬಿಟ್ಟಳು’ ಅನ್ನುವುದಕ್ಕೆ ಎರಡು ಅರ್ಥವೂ ಉಂಟು: ಹಿಡಿದಿದ್ದ ಕೈಯನ್ನು ಸಡಿಲಿಸಿದಳು, ಇಲ್ಲವೇ ಅವನನ್ನು ತೊರೆದಳು. ಸಂದರ್ಭವೇ ತೀರ್ಮಾನಿಸಬೇಕು. ‘ಅವನನ್ನು ಕೈಬಿಟ್ಟಳು’ ಅಂದಾಗ ಮಾತ್ರ ಗೊಂದಲವಿಲ್ಲ. ‘ಅನ್ನು’ ಈಗ ಮನುಷ್ಯನಿಗೆ ಹತ್ತಿದೆ, ‘ಕೈಬಿಡು’ ಒಂದೇ ಕ್ರಿಯಾಪದವಾಗಿ ನಿಂತಿದೆ. ‘ಆ ಯೋಜನೆಯನ್ನು ಕೈಬಿಟ್ಟರು’ ಅನ್ನುವುದು ಇದೇ ಅಚ್ಚಿನದು. ಇನ್ನು ‘ಕೈಗೂಡು’, ‘ಕೈಗೊಳ್ಳು’ ಇವುಗಳಲ್ಲಿ ಕ-ಕಾರ ಗ-ಕಾರವಾಗಿ ಬೆಸುಗೆ ಎಷ್ಟು ಗಟ್ಟಿಯಾಗಿದೆಯೆಂದರೆ ನಡುವೆ ಏನನ್ನೂ ತೂರಿಸಲಾಗದು. ಕಲಿಯುವವರು ಇದನ್ನು ‘ಕೈಗೆ ಊಡು’, ‘ಕೈಗೆ ಕೊಳ್ಳು’ ಎಂದು ಬಿಡಿಸಿಕೊಂಡು ತಡಕಾಡುವುದುಂಟು.

ಹಾಗಾದರೆ ಅಭ್ಯಾಸಕ್ಕೆ ಏನು ಬರೆದುಕೊಳ್ಳಬೇಕು? ‘ಕೈ ಕೊಡು = ಮೋಸ ಮಾಡು’ ಎಂಬ ಒಂದು ಸಾಲನ್ನಂತೂ ಅಲ್ಲ. ಚೀಟಿಯ ಒಂದು ಕಡೆ ಚೌಕಟ್ಟನ್ನೇ ಬರೆಯಿರಿ: ‘(ಯಾರು / ಏನು) (ಯಾರಿಗೆ) ಕೈ ಕೊಟ್ಟಿತು’. ಇನ್ನೊಂದು ಕಡೆ ಮೂರು ವಾಕ್ಯ ಇರಲಿ, ಮೂರರಲ್ಲೂ ಕರ್ತೃ ಬೇರೆ ಬೇರೆ ಜಾತಿಯದಿರಲಿ. ಒಂದರಲ್ಲಿ ಗೆಳೆಯ, ಒಂದರಲ್ಲಿ ಯಂತ್ರ, ಒಂದರಲ್ಲಿ ಮಳೆ. ಅವುಗಳ ಕೆಳಗೆ ನುಡಿಗಟ್ಟಾಗದ ಒಂದು ವಾಕ್ಯ: ‘ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟ’. ಈ ನಾಲ್ಕನೆಯದೇ ಹೆಚ್ಚು ಕೆಲಸ ಮಾಡುವುದು, ಗೆರೆ ಎಲ್ಲಿದೆ ಎಂದು ತೋರಿಸುವುದು ಅದೇ. ವಾಕ್ಯಗಳನ್ನು ಸ್ವಂತವಾಗಿ ಕಟ್ಟಬೇಡಿ. ಪತ್ರಿಕೆಯಲ್ಲೋ ಮಾತಿನಲ್ಲೋ ಸಿಕ್ಕಿದ್ದನ್ನು ಎತ್ತಿಕೊಳ್ಳಿ. ಹುಡುಕುವಾಗ ‘ಕೈ ಕೊಡು’ ಎಂದು ಹುಡುಕಿದರೆ ಆ ರೂಪ ಅಷ್ಟಾಗಿ ಸಿಗದು. ‘ಕೈಕೊಟ್ಟ’, ‘ಕೈ ಕೊಟ್ಟ’, ‘ಕೈಕೊಟ್ಟಿತು’ ಎಂದು ಕೂಡಿಸಿಯೂ ಬಿಡಿಸಿಯೂ ಹುಡುಕಿ. ನಿಘಂಟಿನಲ್ಲಾದರೆ ‘ಕೊಡು’ವಿನ ಕೆಳಗಲ್ಲ, ‘ಕೈ’ ಕೆಳಗೆ ನೋಡಿ. ಕಿಟೆಲ್ 1894ರಲ್ಲಿ ಹೊರತಂದ ನಿಘಂಟಿನಲ್ಲಂತೂ ಪದದ ಕೆಳಗೇ ಎಷ್ಟೋ ಗಾದೆಗಳೂ ಸಿಗುತ್ತವೆ.

ಒಂದು ತಪ್ಪನ್ನು ಬಹಳ ಜನ ಮಾಡುತ್ತಾರೆ: ‘ಕೈ’ ಇರುವ ನುಡಿಗಟ್ಟುಗಳನ್ನೆಲ್ಲ ಪಟ್ಟಿ ಮಾಡಿ ಒಂದೇ ದಿನ ಬಾಯಿಪಾಠ. ಪಟ್ಟಿ ನೋಡಲು ಚೆಂದ. ಮರುದಿನ ಕೈ ಕೊಡು, ಕೈ ಹಿಡಿ, ಕೈ ಮಾಡು ಮೂರೂ ಕಲಸಿಹೋಗಿರುತ್ತವೆ, ‘ಕೈ ಮಾಡಿದ’ ಅಂದರೆ ಹೊಡೆದ ಅನ್ನುವುದು ಮರೆತು ಅದನ್ನೇ ಸಹಾಯ ಅಂದುಕೊಳ್ಳುತ್ತಾರೆ. ವಾರಕ್ಕೆ ಮೂರು ಸಾಕು, ಮೂರೂ ಬೇರೆ ಬೇರೆ ಅಂಗದವು. ಈ ವಾರ ‘ಕೈ ಕೊಡು’, ಅದರ ಜೊತೆ ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳು’ (ಮನ್ನಿಸು), ‘ಕಿವಿ ಊದು’ (ಚಾಡಿ ಹೇಳು). ‘ಕೈ’ ಬಳಗದ ಮುಂದಿನದು ಮೊದಲನೆಯದು ಗಟ್ಟಿಯಾದ ಮೇಲೆ ಬರಲಿ.

ಗಾದೆಯ ಕಥೆಯೇ ಬೇರೆ. ನುಡಿಗಟ್ಟು ವಾಕ್ಯದ ಒಂದು ತುಂಡು, ಗಾದೆ ತಾನೇ ಒಂದು ಮಾತು. ಅದರ ಪದಶಃ ಅರ್ಥ ಕೆಟ್ಟಿರುವುದಿಲ್ಲ. ಚಿತ್ರ ಸರಿಯಾಗಿಯೇ ಕಾಣುತ್ತದೆ. ಕಾಣದಿರುವುದು ಆ ಚಿತ್ರವನ್ನು ಯಾರ ಮುಂದೆ, ಯಾವಾಗ ಹಿಡಿಯಬೇಕು ಅನ್ನುವುದು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ತೆಗೆದುಕೊಳ್ಳಿ. ಅಂಗೈಯಲ್ಲಿರುವ ಹುಣ್ಣು ಕಣ್ಣಿಗೆ ನೇರ ಕಾಣುತ್ತದೆ, ಕನ್ನಡಿ ಬೇಡ. ಅಷ್ಟು ತಿಳಿದವರೂ ಇದನ್ನು ಗಾಯ ಮಾಡಿಕೊಂಡವರಿಗೆ ಹೇಳುವ ಸಮಾಧಾನ ಅಂದುಕೊಳ್ಳಬಹುದು. ನಿಜದಲ್ಲಿ ಇದು ವಾದ ಮುಗಿಸುವ ಮಾತು. ಬಿಲ್ಲಿನಲ್ಲಿ ಒಂದು ಮೊತ್ತ, ಲೆಕ್ಕದ ಪುಸ್ತಕದಲ್ಲಿ ಇನ್ನೊಂದು, ಆದರೂ ಒಬ್ಬರು “ಪುರಾವೆ ಏನಿದೆ?” ಅನ್ನುತ್ತಾರೆ. ಆಗ ಬರುತ್ತದೆ ಇದು. ಪುರಾವೆ ಕೇಳಿದ ಮೇಲೆಯೇ ಹೇಳಬೇಕು, ಮೊದಲೇ ಹೇಳಿದರೆ ಅರ್ಥವಿಲ್ಲ. ಕೊನೆಯ ‘ಬೇಕೆ?’ಯನ್ನು ‘ಬೇಡ’ ಎಂದು ಬದಲಿಸಿದರೆ ವಿಷಯ ಅದೇ ಉಳಿದರೂ ಚುಚ್ಚು ಹೋಯಿತು.

ಗಾದೆಯ ಬಾಲ ಹೀಗೆ ಅದರ ಬಳಕೆಯನ್ನು ಹೇಳಿಬಿಡುತ್ತದೆ, ಇದು ಕಲಿಯುವವರಿಗೆ ಸಿಗುವ ದೊಡ್ಡ ಸುಳಿವು. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’: ‘ಅಂತೆ’ ಎಂದು ಮುಗಿದರೆ ಯಾರದೋ ಕಥೆಯ ನೆಪದಲ್ಲಿ ಇಲ್ಲಿರುವ ಒಬ್ಬರನ್ನು ಕುಟುಕುವ ಮಾತು, ಹಿರಿಯರ ಎದುರು ಹುಷಾರು. ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’: ‘ಹಾಗೆ’ ಬಂದರೆ ಅದು ಒಂಟಿಯಾಗಿ ನಿಲ್ಲದು, ನಡೆದ ಸಂಗತಿಯೊಂದಕ್ಕೆ ಒರಗಿಕೊಳ್ಳುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’: ‘ಆದರೆ’ ಇರುವುದು ಬುದ್ಧಿಮಾತು, ಕೆಲಸಕ್ಕೆ ಮೊದಲೂ ಹೇಳಬಹುದು, ದುಡಿದು ಗೆದ್ದವರನ್ನು ಮೆಚ್ಚುವಾಗಲೂ ಹೇಳಬಹುದು. ಇದರಲ್ಲಿ ‘ಬಾಯಿ ಮೊಸರು’ ಅನ್ನುವಲ್ಲಿ ಕ್ರಿಯಾಪದವೇ ಇಲ್ಲ. ಕೆಸರು-ಮೊಸರು ಪ್ರಾಸಕ್ಕಾಗಿ ವ್ಯಾಕರಣ ಜಾಗ ಬಿಟ್ಟುಕೊಟ್ಟಿದೆ. ಅದನ್ನು ಬಿಡಿಸಿ ಪೂರ್ಣ ವಾಕ್ಯ ಮಾಡಲು ಹೋಗಬೇಡಿ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬುದು ಕಳೆದುಕೊಂಡ ಮೇಲೆ ಮಾತ್ರ, ಮುಂಚೆ ಹೇಳಿದರೆ ಅಪಶಕುನ ನುಡಿದಂತೆ.

ಆದ್ದರಿಂದ ಗಾದೆಯ ಚೀಟಿಯಲ್ಲಿ ಅರ್ಥಕ್ಕಿಂತ ಹೆಚ್ಚಾಗಿ ಬೇಕಾದದ್ದು ಅದರ ಹಿಂದಿನ ಮಾತು: ಯಾರು ಏನು ಅಂದದ್ದಕ್ಕೆ ಇದು ಉತ್ತರವಾಗಿ ಬಂತು? ಎರಡು ಸಾಲಿನ ಸಂಭಾಷಣೆ ಸಾಕು. ಶಾಲೆಯ ‘ಗಾದೆ ವಿಸ್ತರಣೆ’ ಈ ಕೆಲಸ ಮಾಡುವುದಿಲ್ಲ. ಗಾದೆಗಳು ವೇದಕ್ಕೆ ಸಮಾನ ಎಂದು ಶುರುವಾಗುವ ಆ ಪ್ಯಾರಾ ಅಂಕ ತರುತ್ತದೆ, ಬಳಕೆ ತಿಳಿಸುವುದಿಲ್ಲ.

ಮಾತಿನಲ್ಲಿ ಗಾದೆ ಪೂರ್ತಿಯಾಗಿ ಬರುವುದೂ ಕಡಿಮೆ. “ನೆಲ ಡೊಂಕು ಅಂತೆ!” ಅಂದು ನಕ್ಕು ಸುಮ್ಮನಾಗುತ್ತಾರೆ, ಉಳಿದರ್ಧ ಕೇಳುವವರ ಪಾಲಿಗೆ. ಅದಕ್ಕೇ ಕಲಿತ ಗಾದೆಯನ್ನು ಪರೀಕ್ಷಿಸುವಾಗ ಮೊದಲರ್ಧ ಮುಚ್ಚಿ ಎರಡನೆಯದರಿಂದ ಹಿಡಿಯಿರಿ, ಆಮೇಲೆ ತಿರುಗಿಸಿ. ಹಳೆಯ ಗಾದೆಗಳಲ್ಲಿ ಹೆಂಗಸರನ್ನೋ, ಒಂದು ಜಾತಿಯನ್ನೋ, ಅಂಗವೈಕಲ್ಯವನ್ನೋ ಹೀಯಾಳಿಸುವವು ಬೇಕಾದಷ್ಟಿವೆ. ಅವುಗಳ ಚೀಟಿಯ ಮೂಲೆಯಲ್ಲಿ ‘ಕೇಳಲು ಮಾತ್ರ’ ಎಂದು ಬರೆದಿಡಿ.