ಇರೋಡ್, ಬ್ಲರ್, ಆಮೇಲೆ ಬಣ್ಣ: ಡೂಪ್ ಶಾಟ್‌ನಲ್ಲಿ ಮುಖ ಕೂರಿಸುವಾಗ ಕಲಿತದ್ದು

ಸ್ಟಂಟ್ ಮಾಡಿದ ಡೂಪ್ ಮುಖದ ಜಾಗದಲ್ಲಿ ನಟನ ಮುಖ ಕೂರಿಸುವುದು ನನ್ನ ವಿಎಫ್‌ಎಕ್ಸ್ ಕೆಲಸದ ಒಂದು ಭಾಗ. ನಟ ಮತ್ತು ಡೂಪ್ ಇಬ್ಬರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಇಂಥ ಶಾಟ್ ಕೈಗೆತ್ತಿಕೊಳ್ಳುತ್ತೇನೆ. ನಟನ ಮುಖ ಕಲಿಯುವ ಎಐ ಮಾಡೆಲ್ ಟ್ರೈನ್ ಆದಮೇಲೆ ಅದು ಕೊಟ್ಟ ಮುಖವನ್ನು ಫ್ರೇಮಿಗೆ ವಾಪಸ್ ಅಂಟಿಸಬೇಕು. ನಾವು ಬಳಸುವ ಮುಖ ಬದಲಿಸುವ ಸಾಫ್ಟ್‌ವೇರ್ ಡೀಪ್‌ಫೇಸ್‌ಲ್ಯಾಬ್‌ನಲ್ಲಿ ಇದಕ್ಕೆ ಮರ್ಜ್ ಅನ್ನುತ್ತಾರೆ. ಮುಖದ ಯಾವ ಭಾಗ ಅಂಟಬೇಕು ಅಂತ ಹೇಳುವ ಆಕಾರವೇ ಮಾಸ್ಕ್. ಇರೋಡ್ ಅದನ್ನು ಒಳಕ್ಕೆ ಕುಗ್ಗಿಸುತ್ತದೆ, ಬ್ಲರ್ ಅದರ ಅಂಚನ್ನು ಮೆತ್ತಗೆ ಮಾಡುತ್ತದೆ. ಎಷ್ಟೇ ಚೆನ್ನಾಗಿ ಟ್ರೈನ್ ಆಗಿದ್ದರೂ ಶಾಟ್ ಕೆಡುವುದು ಇಲ್ಲೇ ಜಾಸ್ತಿ. ಒಂದೇ ಒಂದು ಶಾಟ್ ಹಿಡಿದು ಇದನ್ನು ಹೇಳುತ್ತೇನೆ.

ಸಂಜೆ ಬೆಳಕಿನಲ್ಲಿ ಬೈಕ್ ಓಡಿಸುವ ಶಾಟ್. ಡೂಪ್ ಹೆಲ್ಮೆಟ್ ಹಾಕಿದ್ದಾರೆ, ಗದ್ದದ ಕೆಳಗೆ ಕಪ್ಪು ಪಟ್ಟಿ. ಅವರಿಗೆ ಕುರುಚಲು ಗಡ್ಡ, ನಟನಿಗೆ ನುಣ್ಣನೆ ಶೇವ್. ಮಾಡೆಲ್‌ನ ಅಳತೆ 320 ಪಿಕ್ಸೆಲ್. ಶಾಟ್ ಶುರುವಿನಲ್ಲಿ ಬೈಕ್ ದೂರ ಇದೆ, ಮುಖದ ಚೌಕ ಫ್ರೇಮಿನಲ್ಲಿ ಸುಮಾರು 160 ಪಿಕ್ಸೆಲ್. ಕೊನೆಗೆ ಬೈಕ್ ಕ್ಯಾಮೆರಾ ಹತ್ತಿರ ಬರುತ್ತದೆ, ಚೌಕ 800 ಪಿಕ್ಸೆಲ್ ಆಗುತ್ತದೆ. ಅಲ್ಲಿ ಡೂಪ್ ಪಕ್ಕಕ್ಕೆ ತಿರುಗುತ್ತಾರೆ.

ಮೊದಲ ವರ್ಷನ್‌ನಲ್ಲಿ ಇರೋಡ್ 0, ಬ್ಲರ್ 100, ಬಣ್ಣ ಹೊಂದಿಸಲು `rct` ಮೋಡ್ ಇತ್ತು. ಅಂಚು ಕಾಣಬಾರದು ಎಂದರೆ ಬ್ಲರ್ ಏರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ರಿವ್ಯೂನಲ್ಲಿ ಸೂಪರ್‌ವೈಸರ್ ಎರಡು ಮಾತು ಹೇಳಿದರು: "ಗದ್ದದ ಸುತ್ತ ಏನೋ ಹೊಗೆ ತರ ಇದೆಯಲ್ಲಮ್ಮ, ನೋಡು. ಆಮೇಲೆ ಮುಖ ಯಾಕೆ ಹೀಗೆ ಕಂದಿದೆ?" ಎರಡೂ ಬೇರೆ ಬೇರೆ ದೂರು ಅಂತ ಅನ್ನಿಸುತ್ತದೆ. ಎರಡಕ್ಕೂ ಕಾರಣ ಒಂದೇ ಇತ್ತು.

ಮೊದಲು ಹೊಗೆಯ ವಿಷಯ. ಗಾಸಿಯನ್ ಬ್ಲರ್ ಮಾಸ್ಕ್‌ನ ಅಂಚನ್ನು ಒಳಕ್ಕೂ ಹರಡುತ್ತದೆ, ಹೊರಕ್ಕೂ ಅಷ್ಟೇ ಹರಡುತ್ತದೆ. ಬ್ಲರ್ ಒಂದೊಂದು ಪಿಕ್ಸೆಲ್‌ಗೂ ಸುತ್ತಲಿನ ಎಷ್ಟು ಜಾಗ ನೋಡುತ್ತದೋ ಆ ಚೌಕವೇ ಕರ್ನಲ್. ಬ್ಲರ್ 100 ಎಂದರೆ ಕರ್ನಲ್ ಅಗಲ 101, ಅಂದರೆ ಅಂಚಿನಿಂದ ಆಚೆಗೆ 50 ಪಿಕ್ಸೆಲ್ ತನಕ ಅದರ ಕೈ ಚಾಚುತ್ತದೆ. ಈ ಪಿಕ್ಸೆಲ್ ಫ್ರೇಮಿನವಲ್ಲ, ಮರ್ಜರ್ ಒಳಗಿನ ಮುಖದ ಚೌಕದವು. ಮರ್ಜರ್ ಮಾಸ್ಕ್ ಕೆಲಸವನ್ನೆಲ್ಲ ಒಂದೇ ಅಳತೆಯ ಆ ಚೌಕದಲ್ಲಿ ಮುಗಿಸಿ, ಆಮೇಲೆ ಅದನ್ನು ಫ್ರೇಮಿನ ಅಳತೆಗೆ ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. ದೂರದ ಮುಖದಲ್ಲಿ ಆ 50 ಪಿಕ್ಸೆಲ್ ತೀರಾ ಸಣ್ಣದಾಗುತ್ತದೆ, ಯಾರಿಗೂ ಕಾಣುವುದಿಲ್ಲ. ಹತ್ತಿರದ ಮುಖದಲ್ಲಿ ಅದು ಇದರ ಐದು ಪಟ್ಟು ಆಗುತ್ತದೆ. ಒಂದೇ ಶಾಟ್ ಶುರುವಿನಲ್ಲಿ ಪಾಸ್ ಆಗಿ ಕೊನೆಯಲ್ಲಿ ಫೇಲ್ ಆಗಿದ್ದು ಇದಕ್ಕೇ. ಆದ್ದರಿಂದ ಸೆಟ್ಟಿಂಗ್ ಹುಡುಕುವಾಗ ಶಾಟ್‌ನಲ್ಲಿ ಮುಖ ಅತಿ ದೊಡ್ಡದಾಗಿ ಕಾಣುವ ಫ್ರೇಮಿನಿಂದಲೇ ಶುರು ಮಾಡಿ.

ಹೊರಕ್ಕೆ ಹರಡಿದ ಜಾಗದಲ್ಲಿ ಏನಿರುತ್ತದೆ? ಮಾಸ್ಕ್ ಒಳಗಿನದನ್ನು ಮಾತ್ರ ಕಲಿಯುವಂತೆ ಟ್ರೈನ್ ಮಾಡಿದ್ದರೆ, ಅದರಾಚೆ ಮಾಡೆಲ್ ಸರಿಯಾಗಿ ಏನನ್ನೂ ಕಲಿತಿರುವುದಿಲ್ಲ. ಅಲ್ಲಿ ಸುಮ್ನೆ ಕಲಸಿದ ಬಣ್ಣ ಇರುತ್ತದೆ. ಆ ಬಣ್ಣವೇ ಹೆಲ್ಮೆಟ್ ಪಟ್ಟಿಯ ಮೇಲೆ, ಕಾಲರ್ ಮೇಲೆ ತೆಳ್ಳಗೆ ಕೂತು ಹೊಗೆಯಂತೆ ಕಂಡಿತು.

ಹಾಗಾದರೆ ಬ್ಲರ್ ಎಷ್ಟು ಹೊರಕ್ಕೆ ಹೋಗುತ್ತದೋ ಅಷ್ಟು ಮಾಸ್ಕನ್ನು ಮೊದಲೇ ಒಳಕ್ಕೆ ಎಳೆದಿರಬೇಕು. ಅದು ಇರೋಡ್ ಕೆಲಸ. `erode_mask_modifier` 40 ಎಂದರೆ ಅಂಚು 40 ಪಿಕ್ಸೆಲ್ ಒಳಗೆ ಬರುತ್ತದೆ ಅಂದುಕೊಳ್ಳುವವರು ಬಹಳ. ಹಾಗಲ್ಲ. 40 ಅನ್ನುವುದು ಕರ್ನಲ್‌ನ ಪೂರ್ತಿ ಅಗಲ, ಅಂಚು ಸರಿಯುವುದು ಅದರ ಅರ್ಧ, ಸುಮಾರು 20. `blur_mask_modifier` ಕೂಡ ಕರ್ನಲ್ ಅಗಲವೇ. ಹೀಗಾಗಿ ಲೆಕ್ಕ ಸುಲಭ: ಎರಡೂ ಅಂಕಿ ಒಂದೇ ಇದ್ದರೆ ಬ್ಲರ್‌ನ ಬಾಲ ಮೂಲ ಮಾಸ್ಕ್‌ನ ಅಂಚಿಗೆ ಬಂದು ಸರಿಯಾಗಿ ಮುಗಿಯುತ್ತದೆ.

ಪೂರ್ತಿ ಸಮ ಬೇಕಾಗಿಯೂ ಇಲ್ಲ. ಬ್ಲರ್ ಎಷ್ಟು ಹರಡುತ್ತದೆ ಅನ್ನುವ ಅಳತೆ ಸಿಗ್ಮಾ. ಮರ್ಜರ್ ಬಳಸುವ ಓಪನ್‌ಸಿವಿ ಲೈಬ್ರರಿ ಈ ಕರ್ನಲ್‌ಗೆ ಅದನ್ನು ತಾನೇ ಲೆಕ್ಕ ಹಾಕುತ್ತದೆ. ಬ್ಲರ್ 60 ಕೊಟ್ಟರೆ ಕರ್ನಲ್ 61, ಸಿಗ್ಮಾ 9.5. ಅಂಚಿನಿಂದ ಎರಡು ಸಿಗ್ಮಾ ಆಚೆ, ಅಂದರೆ 19 ಪಿಕ್ಸೆಲ್ ದೂರದಲ್ಲಿ, ಮಾಸ್ಕ್‌ನ ಬಲ ಸುಮಾರು 2.3 ಶೇಕಡಕ್ಕೆ ಇಳಿದಿರುತ್ತದೆ. ಅದರಾಚೆ ಕಣ್ಣಿಗೆ ಏನೂ ಕಾಣದು. 19 ಪಿಕ್ಸೆಲ್ ಒಳಕ್ಕೆ ಬರಲು ಇರೋಡ್ 40 ಸಾಕು. ಹಾಗಾಗಿ ನಾನು ಇರೋಡ್ ಅನ್ನು ಬ್ಲರ್‌ನ ಮೂರರಲ್ಲಿ ಎರಡು ಪಾಲಿನಿಂದ ಶುರು ಮಾಡುತ್ತೇನೆ. ಈ ಶಾಟ್‌ಗೆ ಇರೋಡ್ 40, ಬ್ಲರ್ 60 ಹಿಡಿದೆವು. ಮರ್ಜರ್ ವಿಂಡೋದಲ್ಲಿ `W` `S` ಇರೋಡ್‌ಗೆ, `E` `D` ಬ್ಲರ್‌ಗೆ. ಒಂದನ್ನು ಅಲ್ಲಾಡಿಸಿದರೆ ಇನ್ನೊಂದನ್ನೂ ಜೊತೆಗೆ ಅಲ್ಲಾಡಿಸಿ.

ಇರೋಡ್ ಜಾಸ್ತಿಯಾದರೂ ತೊಂದರೆ, ಅದರ ಗುರುತು ಬೇರೆ. ಮುಖದ ನಡುವೆ ಕಣ್ಣು, ಮೂಗು, ಬಾಯಿ ಮಾತ್ರ ನಟನದಾಗಿ ಉಳಿದು, ಹುಬ್ಬಿನ ತುದಿ ಡೂಪ್‌ದೇ ಕಾಣುತ್ತದೆ. ಎರಡು ಹುಬ್ಬು ಒಂದರ ಪಕ್ಕ ಒಂದು ಇಣುಕಿದರೆ ಇರೋಡ್ ಇಳಿಸಬೇಕು ಅಂತ ಅರ್ಥ.

ಈಗ ಕಂದಿದ ಬಣ್ಣ. ನನಗೆ ಈ ಶಾಟ್ ಮುಖ್ಯವಾಗಿದ್ದು ಇದರಿಂದಲೇ. ಇರೋಡ್, ಬ್ಲರ್ ಸರಿ ಮಾಡಿದ ಕೂಡಲೇ ಮುಖ ಬೆಳಗಾಯಿತು. ಬಣ್ಣದ ಸೆಟ್ಟಿಂಗನ್ನು ಯಾರೂ ಮುಟ್ಟಿರಲಿಲ್ಲ! ಕಾರಣ `rct` ಲೆಕ್ಕ ಹಾಕುವ ರೀತಿಯಲ್ಲಿದೆ. ಇದು ರೈನ್‌ಹಾರ್ಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಧಾನ. ಚಿತ್ರವನ್ನು ಲ್ಯಾಬ್ ಬಣ್ಣಕ್ಕೆ ತಂದು, ಒಂದೊಂದು ಚಾನೆಲ್‌ನ ಸರಾಸರಿ ಮತ್ತು ಹರವನ್ನು ಡೂಪ್ ಮುಖದ ಅಂಕಿಗಳಿಗೆ ಹೊಂದಿಸುತ್ತದೆ:

```
L' = (L - mean_prd) * (std_dst / std_prd) + mean_dst
```

ಇಲ್ಲಿ `L` ಲ್ಯಾಬ್‌ನ ಬೆಳಕಿನ ಚಾನೆಲ್, `prd` ಮಾಡೆಲ್ ಕೊಟ್ಟ ಮುಖ, `dst` ಡೂಪ್ ಮುಖ. ಸರಾಸರಿ ತೆಗೆಯುವುದು ಯಾವ ಪಿಕ್ಸೆಲ್‌ಗಳಿಂದ? ಮಾಸ್ಕ್ ಸೊನ್ನೆಗಿಂತ ಮೇಲಿರುವ ಎಲ್ಲ ಪಿಕ್ಸೆಲ್‌ಗಳಿಂದ, ಅದೂ ಇರೋಡ್ ಮತ್ತು ಬ್ಲರ್ ಆದಮೇಲೆ. ಮಾಸ್ಕ್ ಬಲ 2 ಶೇಕಡ ಇದ್ದರೂ ಆ ಪಿಕ್ಸೆಲ್‌ಗೆ ಪೂರ್ತಿ ಮತ. ಬ್ಲರ್ 100 ಇದ್ದಾಗ ಕಪ್ಪು ಪಟ್ಟಿ, ಕಾಲರ್ ಎಲ್ಲ ಡೂಪ್‌ನ "ಚರ್ಮ"ದ ಲೆಕ್ಕಕ್ಕೆ ಸೇರಿಕೊಂಡಿದ್ದವು. ಸರಾಸರಿ ಕೆಳಗೆ ಬಿತ್ತು, ಅದರ ಜೊತೆ ನಟನ ಮುಖವೂ ಕಂದಿತು.

ಅನುಮಾನ ಬಂದರೆ ಅಳೆದೇ ನೋಡಿ. ಮರ್ಜರ್ ಪ್ರತಿ ಫ್ರೇಮಿನ ಮಾಸ್ಕನ್ನೂ `merged_mask` ಫೋಲ್ಡರಿಗೆ ಬರೆಯುತ್ತದೆ. ಮೂಲ ಫ್ರೇಮ್ `img`, ಗ್ರೇಸ್ಕೇಲ್ ಆಗಿ ಓದಿದ ಮಾಸ್ಕ್ `m` ಆದರೆ ಇಷ್ಟೇ ಸಾಕು:

```python
lab = cv2.cvtColor(img, cv2.COLOR_BGR2LAB)
print(cv2.meanStdDev(lab, mask=(m > 0).astype("uint8")))
```

ನಮ್ಮ ಶಾಟ್‌ನ ಒಂದು ಫ್ರೇಮಿನಲ್ಲಿ ಹಳೆಯ ಮಾಸ್ಕ್‌ಗೆ L ಸರಾಸರಿ 104 ಬಂತು, ಹೊಸದಕ್ಕೆ 117. ಈ ಅಂಕಿ 0ರಿಂದ 255ರ ಅಳತೆಯಲ್ಲಿ. ಗಾಳಿಗೆ ಪಟ್ಟಿ ಅಲ್ಲಾಡಿದಾಗಲೆಲ್ಲ ಹಳೆಯ ಅಂಕಿ ಫ್ರೇಮಿನಿಂದ ಫ್ರೇಮಿಗೆ ಏರಿಳಿಯುತ್ತಿತ್ತು. ಪ್ಲೇ ಮಾಡಿದಾಗ ಮುಖ ಮಿನುಗಿದಂತೆ ಕಾಣುತ್ತಿದ್ದುದು ಅದರಿಂದ. `rct` ಪ್ರತಿ ಫ್ರೇಮಿಗೂ ಹೊಸದಾಗಿ ಲೆಕ್ಕ ಹಾಕುತ್ತದೆ, ಹಿಂದಿನ ಫ್ರೇಮಿನ ನೆನಪು ಅದಕ್ಕಿಲ್ಲ. ಹಾಗಾಗಿ ಬಣ್ಣವನ್ನು ನಿಂತ ಫ್ರೇಮಿನಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಲೂಪ್ ಹಾಕಿ, ಹಣೆಯನ್ನೇ ದಿಟ್ಟಿಸಿ ನೋಡಿ. ಮತ್ತು ಮಾಸ್ಕ್ ಅಂಕಿಗಳು ಗಟ್ಟಿಯಾಗುವ ತನಕ ಬಣ್ಣದ ಮೋಡ್ ಬದಲಿಸುತ್ತಾ ಕೂರಬೇಡಿ. ಇವತ್ತು ಚೆನ್ನಾಗಿ ಕಂಡ ಮೋಡ್ ನಾಳೆ ಬ್ಲರ್ ಬದಲಿಸಿದರೆ ಬೇರೆಯೇ ಕಾಣುತ್ತದೆ.

ಮಿಕ್ಕ ಮೋಡ್‌ಗಳ ಬಗ್ಗೆ ಚಿಕ್ಕದಾಗಿ. `lct` ಮಾಸ್ಕ್ ನೋಡದೆ ಇಡೀ ಚೌಕದಿಂದ ಲೆಕ್ಕ ತೆಗೆಯುತ್ತದೆ. ಹಿಂದೆ ಆಕಾಶವೋ ಬಸ್ಸೋ ಹಾದುಹೋಗುವ ಹೊರಾಂಗಣ ಶಾಟ್‌ಗೆ ನಾನು ಅದನ್ನು ಮುಟ್ಟುವುದೇ ಇಲ್ಲ. `mkl` ಮೂರು ಚಾನೆಲ್‌ಗಳ ನಡುವಿನ ನಂಟನ್ನೂ ಹೊಂದಿಸುವುದರಿಂದ, ಹಳದಿ ಬೀದಿ ದೀಪದಂಥ ಬಲವಾದ ಬಣ್ಣದ ಬೆಳಕಿಗೆ ಒಮ್ಮೊಮ್ಮೆ `rct`ಗಿಂತ ವಾಸಿ. ಹೆಸರಿನ ಕೊನೆಗೆ `-m` ಇದ್ದರೆ ಮಾಸ್ಕ್ ಒಳಗಿನದು ಮಾತ್ರ ಲೆಕ್ಕಕ್ಕೆ.

ಗಡ್ಡದ ಸಮಸ್ಯೆ ಇನ್ನೂ ಉಳಿದಿತ್ತು. ಡೂಪ್‌ನ ಕುರುಚಲು ಗಡ್ಡ ಮಾಸ್ಕ್ ಒಳಗೇ ಇದೆ. ಅದರ ಬೂದು ಬಣ್ಣ ಸರಾಸರಿಗೆ ಸೇರಿ ನಟನ ಹಣೆಯವರೆಗೂ ಹರಡುತ್ತದೆ. ಮಾಸ್ಕ್ ಎಷ್ಟು ಕುಗ್ಗಿಸಿದರೂ ಇದು ಹೋಗುವುದಿಲ್ಲ. ಇಲ್ಲಿ ಮರ್ಜರ್ ಬಿಟ್ಟು ಕಾಂಪ್‌ಗೆ, ಅಂದರೆ ಪದರಗಳನ್ನು ಕೈಯಾರೆ ಬೆರೆಸುವ ಹಂತಕ್ಕೆ ಹೋದೆವು. ಬಣ್ಣ ಮುಟ್ಟದ ಔಟ್‌ಪುಟ್ ಅನ್ನು `raw-rgb` ಮೋಡ್‌ನಲ್ಲಿ ತೆಗೆದು ನ್ಯೂಕ್ ಅನ್ನುವ ಕಾಂಪ್ ಸಾಫ್ಟ್‌ವೇರ್‌ಗೆ ತಂದೆವು. ಡೂಪ್‌ನ ಹಣೆ ಮತ್ತು ಮೇಲಿನ ಕೆನ್ನೆಯ ಪ್ಯಾಚ್‌ನಿಂದ ಮಾತ್ರ ಅಳತೆ ತೆಗೆದೆವು. L ಸರಾಸರಿ 121 ಬಂತು. ಆ ತಿದ್ದುಪಡಿಯನ್ನು ಕೆಲವೇ ಕೀಫ್ರೇಮ್‌ಗಳಲ್ಲಿ ಕೂರಿಸಿದೆವು. ಫ್ರೇಮಿಗೊಂದು ಲೆಕ್ಕ ಇಲ್ಲದ್ದರಿಂದ ಮಿನುಗುವಿಕೆಯೂ ನಿಂತಿತು.

ಪಕ್ಕಕ್ಕೆ ತಿರುಗುವ ಭಾಗಕ್ಕೂ ನ್ಯೂಕ್ ಬೇಕಾಯಿತು. ಪ್ರೊಫೈಲ್‌ನಲ್ಲಿ ಮೂಗೇ ಮುಖದ ಅಂಚು. ಇರೋಡ್ 40 ಅಲ್ಲಿ ಮೂಗಿನ ಅಂಚನ್ನೇ ತಿನ್ನುತ್ತದೆ. ನಟನ ಮೂಗಿನ ತುದಿ ಮಾಯವಾಗಿ ಡೂಪ್ ಮೂಗು ಹೊರಗಿಣುಕುತ್ತದೆ. ಕೆನ್ನೆಗೆ ಅಗಲವಾದ ಮೆತ್ತನೆ ಅಂಚು ಬೇಕು, ಮೂಗಿಗೆ ಬಿಗಿ ಅಂಚು ಬೇಕು. ಒಂದೇ ಅಂಕಿ ಎರಡಕ್ಕೂ ಆಗುವುದಿಲ್ಲ. ಮರ್ಜರ್‌ನಲ್ಲಿ ಫ್ರೇಮಿಗೆ ಫ್ರೇಮಿಗೆ ಅಂಕಿ ಬದಲಿಸಬಹುದು, ಆದರೆ ಬದಲಾದ ಜಾಗದಲ್ಲಿ ಮುಖ ಟಕ್ ಅಂತ ಜಿಗಿಯುತ್ತದೆ. ನಾವು ಎರಡು ಪಾಸ್ ತೆಗೆದೆವು. ಒಂದು ಇರೋಡ್ 40, ಬ್ಲರ್ 60; ಇನ್ನೊಂದು ಇರೋಡ್ 10, ಬ್ಲರ್ 15. ಮೂಗಿನ ಕಡೆಗೆ ಕೈಯಲ್ಲಿ ಬಿಡಿಸಿದ ಆಕಾರ, ಅಂದರೆ ಒಂದು ರೋಟೋ ಹಾಕಿ, ತಲೆ ತಿರುಗುತ್ತಾ ಹೋದಂತೆ ಬಿಗಿ ಮಾಸ್ಕ್ ನಿಧಾನಕ್ಕೆ ಮೇಲೆ ಬರುವಂತೆ ಮಾಡಿದೆವು. ಮೂಗು ಉಳಿಯಿತು, ಕೆನ್ನೆಯೂ ಮೆತ್ತಗೆ ಬೆರೆಯಿತು.

ಅಂಚು ಉಳಿದಿದೆಯೋ ಇಲ್ಲವೋ ನೋಡಲು ವ್ಯೂವರ್‌ನ ಗಾಮಾ ಏರಿಸಿ, ಆಮೇಲೆ ಪೂರ್ತಿ ಇಳಿಸಿ. ಸಾಮಾನ್ಯ ಬೆಳಕಿನಲ್ಲಿ ಅಡಗಿದ ಹೊಲಿಗೆ ಎರಡರಲ್ಲಿ ಒಂದರಲ್ಲಿ ಎದ್ದು ಕಾಣುತ್ತದೆ. ಹೊಲಿಗೆ ಇಲ್ಲ, ಸರಾಸರಿಯೂ ಸರಿ ಇದೆ, ಆದರೂ ಮುಖ ಅಂಟಿಸಿದಂತೆಯೇ ಕಾಣುತ್ತಿದೆ ಎಂದರೆ ಬೆಳಕಿನ ದಿಕ್ಕನ್ನು ನೋಡಿ. ಡೂಪ್‌ಗೆ ಎಡದಿಂದ ಬೆಳಕು ಬಿದ್ದು, ಮಾಡೆಲ್ ಕೊಟ್ಟ ಮುಖದಲ್ಲಿ ಎರಡೂ ಕೆನ್ನೆ ಒಂದೇ ಸಮ ಇದ್ದರೆ ಯಾವ ಬಣ್ಣದ ಮೋಡ್ ಕೂಡ ನೆರಳನ್ನು ತಂದುಕೊಡದು. ಸರಾಸರಿಗೆ ಎಡ ಬಲ ಗೊತ್ತಿಲ್ಲ. ಅಲ್ಲಿಗೆ ಮರ್ಜ್ ನಿಲ್ಲಿಸಿ, ನಟನ ಫೇಸ್‌ಸೆಟ್‌ಗೆ ಪಕ್ಕದ ಬೆಳಕಿನ ಚಿತ್ರಗಳನ್ನು ಸೇರಿಸಿ ಮತ್ತೆ ಟ್ರೈನ್‌ಗೆ ಹಾಕಬೇಕು.